ಕ್ಲಿಪ್ಪರ್ ಮೂಲೆಯಲ್ಲಿ ತಪ್ಪುವ 0.1 ವೋಲ್ಟ್

ಕೇಳುಗರಿಗೆ ನಮಸ್ಕಾರ. ಬಾಗಲಕೋಟೆಯ ನಮ್ಮ ಲ್ಯಾಬಿನಲ್ಲಿ ಡಯೋಡ್ ಕ್ಲಿಪ್ಪರ್ ಪ್ರಯೋಗ ಬಂದಾಗಲೆಲ್ಲ ಹುಡುಗರು ಕೇಳುವುದು ಒಂದೇ ಪ್ರಶ್ನೆ: "ಸರ್, ನಮ್ಮ ಲೆಕ್ಕ ಖರೆನೋ, ಕಂಪ್ಯೂಟರ್ ಖರೆನೋ?"

ಪೆನ್ನು ಹಿಡಿದು ಬರೆದುಕೊಳ್ಳಿ. 10 ವೋಲ್ಟ್ ಪೀಕ್, 1 ಕಿಲೋಹರ್ಟ್ಸ್ ಸೈನ್ ಅಲೆ. ಅದಕ್ಕೆ ಸಾಲಾಗಿ 1 ಕಿಲೋಓಮ್ ರೆಸಿಸ್ಟರ್. ರೆಸಿಸ್ಟರಿನ ಆಚೆ ತುದಿಯೇ ಔಟ್‌ಪುಟ್. ಅಲ್ಲಿಂದ ಡಯೋಡು, ಅದರ ಕೆಳಗೆ 3 ವೋಲ್ಟ್ ಬ್ಯಾಟರಿ. ಡಯೋಡಿಗೆ 0.7 ವೋಲ್ಟ್ ಹಿಡಿದರೆ ಅಲೆ 3.7ಕ್ಕೆ ಕತ್ತರಿಸಬೇಕು. ಪೀಕಿನಲ್ಲಿ ಕರೆಂಟು, 10ರಲ್ಲಿ 3.7 ಕಳೆದು, 6.3 ಮಿಲಿಆಂಪಿಯರ್. ಕತ್ತರಿ ಬೀಳುವುದು ಸುಮಾರು 21.7 ಡಿಗ್ರಿಗೆ, ಅಂದರೆ 60 ಮೈಕ್ರೋಸೆಕೆಂಡಿಗೆ.

ಈಗ ಇದನ್ನೇ ಸ್ಪೈಸ್‌ನಲ್ಲಿ ಓಡಿಸಿ. ಡಯೋಡ್ ಮಾಡೆಲ್‌ಗೆ ಬೇರೇನೂ ಬರೆಯದಿದ್ದರೆ ಪೀಕಿನಲ್ಲಿ 3.703 ವೋಲ್ಟ್ ಸಿಗುತ್ತದೆ. ಲೆಕ್ಕಕ್ಕೂ ಇದಕ್ಕೂ 3 ಮಿಲಿವೋಲ್ಟ್ ಅಂತರ, ಅಷ್ಟೇ. ಆದರೆ ಕರ್ಸರ್ ಅನ್ನು 60 ಮೈಕ್ರೋಸೆಕೆಂಡಿಗೆ ತನ್ನಿ. ಅಲ್ಲಿ 3.7 ಇಲ್ಲ, 3.6 ಇದೆ. ಅಲೆಯ ನೆತ್ತಿಯೂ ಪೂರ್ತಿ ಚಪ್ಪಟೆಯಲ್ಲ, ಸ್ವಲ್ಪ ಉಬ್ಬಿದೆ.

ಇಲ್ಲಿ ಯಾರೂ ತಪ್ಪಿಲ್ಲ. ಡಯೋಡು 0.7ಕ್ಕೆ ಪಟ್ಟನೆ ತೆರೆಯುವ ಬಾಗಿಲಲ್ಲ. ಈ ಮಾಡೆಲ್‌ನಲ್ಲಿ ಕರೆಂಟು ಹತ್ತು ಪಟ್ಟಾದರೆ ವೋಲ್ಟೇಜು ಸುಮಾರು 60 ಮಿಲಿವೋಲ್ಟ್ ಏರುತ್ತದೆ. ಇನ್‌ಪುಟ್ 3.7 ಇರುವಾಗ ಡಯೋಡಿನಲ್ಲಿ ಹರಿಯುವುದು ಬರೀ 0.1 ಮಿಲಿಆಂಪಿಯರ್. ಪೀಕಿಗಿಂತ ಅರವತ್ತಕ್ಕೂ ಜಾಸ್ತಿ ಪಟ್ಟು ಕಡಿಮೆ. ಹಾಗಾಗಿ ಡಯೋಡಿನ ಮೇಲೆ 0.7 ಅಲ್ಲ, 0.6 ಉಳಿಯುತ್ತದೆ. ಕೈಯಲ್ಲೇ ತಾಳೆ ನೋಡಬಹುದು: 3 ಮತ್ತು 0.6 ಸೇರಿ 3.6, ರೆಸಿಸ್ಟರಿನಲ್ಲಿ 0.1, ಒಟ್ಟು 3.7. ಸರಿಹೋಯಿತಲ್ವಾ?

ಒಂದು ಎಚ್ಚರಿಕೆ. ಟ್ರಾನ್ಸಿಯೆಂಟ್ ಸಾಲಿನಲ್ಲಿ ಗರಿಷ್ಠ ಹೆಜ್ಜೆಯನ್ನು 1 ಮೈಕ್ರೋಸೆಕೆಂಡಿಗೆ ಕಟ್ಟಿಹಾಕಿ. 50 ಮೈಕ್ರೋಸೆಕೆಂಡಿಗೊಂದು ಬಿಂದು ಬಿದ್ದರೆ ನಡುವೆ ಬರೀ ನೇರ ಗೆರೆ ಬರುತ್ತದೆ, ಅದೇ ಜಾಗದಲ್ಲಿ 3.2 ಓದುತ್ತೀರಿ. ಅದು ಡಯೋಡಿನ ಗುಣವಲ್ಲ, ಗ್ರಾಫಿನ ದೋಷ. ಹೆಜ್ಜೆ ಅರ್ಧ ಮಾಡಿ ಮತ್ತೆ ಓಡಿಸಿ. ಓದಿದ ಅಂಕಿ ಬದಲಾದರೆ ಹೆಜ್ಜೆ ಇನ್ನೂ ದೊಡ್ಡದೇ.

ಇನ್ನು ಬೆಂಚಿನ ಮೇಲೆ ಕಟ್ಟುವಾಗ ಬ್ಯಾಟರಿ ಬದಲು ಪವರ್ ಸಪ್ಲೈ ಇಡುತ್ತೇವೆ. ಕ್ಲಿಪ್ ಆಗುವಾಗ ಕರೆಂಟು ಅದರ ಪ್ಲಸ್ ತುದಿಯೊಳಗೆ ನುಗ್ಗುತ್ತದೆ. ಸ್ಪೈಸ್‌ನ ಬ್ಯಾಟರಿ ಸುಮ್ನೆ ನುಂಗಿಕೊಳ್ಳುತ್ತದೆ. ಲ್ಯಾಬಿನ ಬಹಳಷ್ಟು ಸಪ್ಲೈಗಳು ಕರೆಂಟು ಕೊಡುತ್ತವೆಯೇ ಹೊರತು ತಗೊಳ್ಳುವುದಿಲ್ಲ. ಆಗ 3 ವೋಲ್ಟೇ ಮೇಲೇರಿ, ಕತ್ತರಿಯೂ ಮೇಲೆ ಬೀಳುತ್ತದೆ. ಸಪ್ಲೈಗೆ ಅಡ್ಡಲಾಗಿ 330 ಓಮ್ ಹಾಕಿ. ಅದು ತಾನೇ 9 ಮಿಲಿಆಂಪಿಯರ್ ಎಳೆಯುತ್ತದೆ, ಬರುವ 6.3ಕ್ಕೆ ದಾರಿ ಸಿಗುತ್ತದೆ. 1 ಕಿಲೋಓಮ್ ಹಾಕಿದರೆ 3 ಮಿಲಿಆಂಪಿಯರ್ ಮಾತ್ರ, ಸಾಲುವುದಿಲ್ಲ.