ಮಾತಿಗೆ ಕೊಟ್ಟ ದುಡ್ಡು: ಕಾಲ್ ಆಪ್ಷನ್ ಅಂದ್ರೆ ಏನು?
(ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಷೇರು ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನಮ್ಮ ಕೇರಿಯ ಹುಡುಗನೊಬ್ಬ ಮೊಬೈಲು ಹಿಡಿದುಕೊಂಡು ಮನೆಗೆ ಬಂದ. "ಮಾವ, ಷೇರು ಏರ್ತದೆ ಅಂದುಕೊಂಡೆ, ಏರಿತು. ಆದ್ರೂ ದುಡ್ಡು ಹೋಯ್ತು. ಆಪಲ್ಲಿ ಏನೋ ತಪ್ಪಾಗಿದೆ" ಅಂದ. ನಾನು ಕೂತು ಲೆಕ್ಕ ನೋಡಿದೆ. ಆಪಲ್ಲಿ ಏನೂ ತಪ್ಪಿರಲಿಲ್ಲ. ಅವನು ಕೊಂಡದ್ದು ಷೇರಲ್ಲ, ಆ ಷೇರಿನ ಕಾಲ್ ಆಪ್ಷನ್. ಅದಕ್ಕೆ ಕೊಟ್ಟ ದುಡ್ಡನ್ನು, ಅಂದರೆ ಪ್ರೀಮಿಯಂ ಅನ್ನು, ಮುಂಗಡ ಅಂತ ತಿಳಿದಿದ್ದ. ಇವತ್ತು ನಾನು ಬಂದಿರುವುದೇ ಈ ಒಂದು ಮಾತು ಹೇಳಲಿಕ್ಕೆ: ಪ್ರೀಮಿಯಂ ಮುಂಗಡ ಅಲ್ಲ.

ಇದನ್ನು ನನಗೆ ಕಲಿಸಿದ್ದು ಷೇರುಪೇಟೆಯಲ್ಲ, ನಮ್ಮ ದೊಡ್ಡಪ್ಪ. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಅಟ್ಟದ ಮೇಲೆ ಹತ್ತು ಕ್ವಿಂಟಲ್ ಚಾಲಿ ಅಡಿಕೆ ಇತ್ತು. ಒಬ್ಬ ವ್ಯಾಪಾರಿ ಬಂದ. ದರ ಕ್ವಿಂಟಲಿಗೆ ಎರಡು ಸಾವಿರ ಅಂತ ಲೆಕ್ಕಕ್ಕೆ ಹಿಡಿಯೋಣ. ಅವನು ಹೇಳಿದ, "ಹೆಗಡೇರೆ, ಚೌತಿಯವರೆಗೆ ಇದನ್ನು ಬೇರೆಯವರಿಗೆ ಕೊಡಬೇಡಿ. ಚೌತಿಗೆ ದರ ಎಷ್ಟೇ ಇರಲಿ, ನನಗೆ ಎರಡು ಸಾವಿರಕ್ಕೇ ಕೊಡಬೇಕು. ನನಗೆ ಬೇಡ ಅನ್ನಿಸಿದರೆ ನಾನು ಬರುವುದಿಲ್ಲ. ಈ ಮಾತಿಗೆ ಕ್ವಿಂಟಲಿಗೆ ನೂರು ರೂಪಾಯಿ ಕೊಡ್ತೇನೆ."

ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿ ಸಾವಿರ ರೂಪಾಯಿ ತಗೊಂಡರು. ಚೌತಿಗೆ ದರ ಬಿದ್ದಿತ್ತು. ವ್ಯಾಪಾರಿ ಬರಲಿಲ್ಲ. ಒಂದು ವಾರ ಕಳೆದು ಬಂದವನು ಅಡಿಕೆ ಮಾತೇ ಎತ್ತದೆ, "ಆ ಮುಂಗಡ ವಾಪಸ್ ಕೊಡಿ" ಅಂದ. ದೊಡ್ಡಪ್ಪ ಜಗಲಿಯಿಂದ ಏಳಲೂ ಇಲ್ಲ. "ಮೂರು ತಿಂಗಳು ನಾನು ಕಾದೆನಲ್ಲ ಮಾರಾಯ, ಅದಕ್ಕೆ ಕೊಟ್ಟ ದುಡ್ಡು ಅದು" ಅಂದರು. ವ್ಯಾಪಾರಿ ಚಹಾ ಕುಡಿದು ಹೋದ.

ಇಡೀ ಕಾಲ್ ಆಪ್ಷನ್ ಇದರಲ್ಲೇ ಇದೆ. ಚೌತಿ ಅನ್ನುವುದು ಎಕ್ಸ್‌ಪೈರಿ. ಎರಡು ಸಾವಿರ ಸ್ಟ್ರೈಕ್ ಬೆಲೆ. ನೂರು ರೂಪಾಯಿ ಪ್ರೀಮಿಯಂ. ಕೊಳ್ಳುವ ಹಕ್ಕು ವ್ಯಾಪಾರಿಯದು, ಕೊಡಲೇಬೇಕಾದ ಹೊಣೆ ದೊಡ್ಡಪ್ಪನದು. ಜಾಗ ಕೊಳ್ಳುವಾಗ ಕೊಟ್ಟ ಮುಂಗಡ ಒಟ್ಟು ದರದಲ್ಲಿ ಕಳೆದುಹೋಗುತ್ತದೆ. ಮಾತಿಗೆ ಕೊಟ್ಟ ದುಡ್ಡು ಹಾಗೆ ಕಳೆಯುವುದಿಲ್ಲ. ಅಡಿಕೆ ಒಯ್ದರೂ ಎರಡು ಸಾವಿರ ಪೂರ್ತಿ ಎಣಿಸಬೇಕು.

ಈಗ ಹುಡುಗನ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಸುಲಭ ಮಾಡಿಕೊಂಡಿದ್ದೇನೆ. ಷೇರಿನ ಬೆಲೆ 500 ರೂಪಾಯಿ. ಅವನು ಕೊಂಡದ್ದು ಒಂದು ತಿಂಗಳ 520ರ ಕಾಲ್, ಪರದೆಯ ಮೇಲೆ `520 CE` ಅಂತ ಕಾಣುತ್ತದೆ. ಪ್ರೀಮಿಯಂ ಷೇರಿಗೆ 12 ರೂಪಾಯಿ. ಇದನ್ನು ಒಂದೊಂದಾಗಿ ಕೊಡುವುದಿಲ್ಲ, ಲಾಟ್ ಲೆಕ್ಕದಲ್ಲಿ ಕೊಡುತ್ತಾರೆ. ಲಾಟ್ 500 ಷೇರು ಅಂತಿರಲಿ. ಅಂದರೆ ಅವನ ಕೈಯಿಂದ ಹೋದದ್ದು 6,000 ರೂಪಾಯಿ.

ಎಕ್ಸ್‌ಪೈರಿ ದಿನ ಷೇರು 528ಕ್ಕೆ ನಿಂತಿತು. 520ಕ್ಕೆ ಕೊಳ್ಳುವ ಹಕ್ಕು ಇದೆ, ಪೇಟೆಯಲ್ಲಿ 528 ಇದೆ. ಹಕ್ಕಿನ ಬೆಲೆ 8 ರೂಪಾಯಿ. ಇದಕ್ಕೆ ಪೇಆಫ್ ಅನ್ನುತ್ತಾರೆ. 500 ಷೇರಿಗೆ 4,000. ಕೊಟ್ಟದ್ದು 6,000, ಬಂದದ್ದು 4,000. ಷೇರು 28 ರೂಪಾಯಿ ಏರಿದೆ, ಹುಡುಗನಿಗೆ 2,000 ನಷ್ಟ!

ಇಲ್ಲಿ ಒಬ್ಬರು ಕೇಳಬಹುದು, ನಷ್ಟ ಆಗುವುದಾದರೆ ಆ ಹಕ್ಕು ಬಳಸುವುದೇ ಬೇಡ ಅಲ್ವಾ ಅಂತ. ಬಳಸಲೇಬೇಕು. ಬಿಟ್ಟರೆ 6,000 ಪೂರ್ತಿ ಹೋಗುತ್ತದೆ, ಬಳಸಿದರೆ 4,000 ಕೈಗೆ ಬರುತ್ತದೆ. ಚೌತಿಗೆ ಅಡಿಕೆ ದರ 2,080 ಇದ್ದಿದ್ದರೂ ಆ ವ್ಯಾಪಾರಿ ಗಾಡಿ ತಂದೇ ತರುತ್ತಿದ್ದ. ಮಾತಿಗೆ ಕೊಟ್ಟ ನೂರು ಹೇಗೂ ಹೋಗಿದೆ, ಎಂಬತ್ತಾದರೂ ಸಿಗಲಿ ಅಂತ.

ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತೇನೆ, ನೋಡಿ. ಕುಮಟಾದಿಂದ ಶಿರಸಿಗೆ ಬರುವ ರಸ್ತೆಯನ್ನು ನೆನಪು ಮಾಡಿಕೊಳ್ಳಿ. ದೇವಿಮನೆ ಘಟ್ಟದ ಬುಡದವರೆಗೆ ರಸ್ತೆ ಸುಮಾರು ಸಪಾಟು, ಆಮೇಲೆ ಏರು. ಪೇಆಫ್ ಗೆರೆಯೂ ಹಾಗೇ. ಷೇರು 400 ಇರಲಿ, 480 ಇರಲಿ, 520ರವರೆಗೆ ಪೇಆಫ್ ಸೊನ್ನೆ. 520 ಅನ್ನುವುದು ಘಟ್ಟದ ಬುಡ. ಅಲ್ಲಿಂದ ಷೇರು ಒಂದು ರೂಪಾಯಿ ಏರಿದರೆ ಪೇಆಫ್ ಒಂದು ರೂಪಾಯಿ ಏರುತ್ತದೆ. ಈಗ ಪ್ರೀಮಿಯಂ ಸೇರಿಸಿ. ಇಡೀ ರಸ್ತೆಯೇ 12 ರೂಪಾಯಿ ಕೆಳಗೆ ಕುಸಿಯುತ್ತದೆ. ಸಪಾಟು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋಯಿತು. 520ರಲ್ಲಿ ಏರು ಶುರುವಾದರೂ ಸಮುದ್ರ ಮಟ್ಟ ಸಿಗುವುದು 532ರಲ್ಲಿ. ಅಸಲು ಬರುವ ಜಾಗ ಅದು. 550ಕ್ಕೆ ಹೋದರೆ ಪೇಆಫ್ 30, ಅದರಲ್ಲಿ 12 ಕಳೆದು 18, ಲಾಟಿಗೆ 9,000 ಲಾಭ. ಎಷ್ಟು ಬಿದ್ದರೂ ನಷ್ಟ 6,000 ದಾಟುವುದಿಲ್ಲ. ಬ್ರೋಕರೇಜು, ತೆರಿಗೆ ನಾನು ಸೇರಿಸಿಲ್ಲ. ಅದೂ ಸೇರಿದರೆ 532 ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ.

ಸರಿ, ಷೇರು 500ರಲ್ಲೇ ಇದ್ದಾಗ 520ಕ್ಕೆ ಕೊಳ್ಳುವ ಹಕ್ಕಿಗೆ 12 ರೂಪಾಯಿ ಯಾಕೆ? ಇವತ್ತಿನ ಲೆಕ್ಕದಲ್ಲಿ ಆ ಹಕ್ಕಿನಲ್ಲಿ ಏನೂ ಇಲ್ಲ. ಆ ಹನ್ನೆರಡೂ ಕಾಯುವ ದುಡ್ಡು. ಇನ್ನೂ ಒಂದು ತಿಂಗಳಿದೆ, ಏನಾದರೂ ಆಗಬಹುದು ಅನ್ನುವುದಕ್ಕೆ ಕೊಟ್ಟದ್ದು. ಷೇರು ಜಾಸ್ತಿ ಏರಿಳಿಯುವ ಜಾತಿಯದಾದರೆ ಮಾತು ಕೊಟ್ಟವನು ಜಾಸ್ತಿ ಕೇಳುತ್ತಾನೆ, ಸಹಜ. ಆದರೆ ದಿನ ಕಳೆದಂತೆ ಈ ದುಡ್ಡು ಕರಗುತ್ತದೆ. ಹದಿನೈದು ದಿನದ ಮೇಲೆ ಷೇರು 505 ಆಗಿದೆ ಅನ್ನಿ. ಅದೇ `520 CE` ಆಗ ಎಂಟೋ ಒಂಬತ್ತೋ ರೂಪಾಯಿಗೆ ಸಿಗಬಹುದು. ಷೇರು ಐದು ಏರಿದೆ, ಪ್ರೀಮಿಯಂ ಇಳಿದಿದೆ. ಕೊನೆಯ ವಾರದಲ್ಲಂತೂ ಇನ್ನೂ ಬೇಗ ಕರಗುತ್ತದೆ. ಆ ಹುಡುಗ ದಿನಾ ಷೇರಿನ ಬೆಲೆ ನೋಡುತ್ತಿದ್ದ, ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಷೇರು ಏರಿದರೆ ಸಾಲದು, ಸಾಕಷ್ಟು ಏರಬೇಕು, ಚೌತಿಯೊಳಗೆ ಏರಬೇಕು.

2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಒಂದು ವರದಿ ಕೊಟ್ಟಿತು. ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದರು. ಅವರೆಲ್ಲ ದಡ್ಡರಲ್ಲ. ನಮ್ಮ ಹುಡುಗನೂ ದಡ್ಡನಲ್ಲ, ಇಂಜಿನಿಯರಿಂಗ್ ಓದಿದವನು.

ಯಲ್ಲಾಪುರದ ಬಸ್ಸಿಗೆ ಹೋಗುವವರು ಗಡಿಯಾರ ನೋಡುತ್ತಿದ್ದೀರಿ, ಗೊತ್ತಾಯಿತು. ಮಾತು ಕೊಟ್ಟವನ ಕಡೆಯ ಲೆಕ್ಕ, ಅಂದರೆ ಕಾಲ್ ಮಾರುವವನ ನಷ್ಟಕ್ಕೆ ಯಾಕೆ ಮಿತಿಯಿಲ್ಲ ಅನ್ನುವುದು ಇನ್ನೊಂದು ದಿನಕ್ಕಿರಲಿ. ಒಂದೇ ಒಂದು ವಿಷಯ ಬಿಡುವ ಹಾಗಿಲ್ಲ.

ಒಂದೊಂದು ಕಂಪನಿಯ ಷೇರಿನ ಮೇಲಿನ ಆಪ್ಷನ್ನುಗಳಲ್ಲಿ ಈಗ ಎಕ್ಸ್‌ಪೈರಿಗೆ ನಿಜವಾಗಿಯೂ ಷೇರು ಕೈ ಬದಲಾಗುತ್ತದೆ, ಬರೀ ವ್ಯತ್ಯಾಸದ ದುಡ್ಡು ಅಲ್ಲ. ಷೇರು 528ಕ್ಕೆ ನಿಂತು ನೀವು ಸುಮ್ನೆ ಕೂತರೆ 500 ಷೇರು, 520ರಂತೆ, 2,60,000 ರೂಪಾಯಿ ಕಟ್ಟಿ ತಗೊಳ್ಳಬೇಕು. ಆರು ಸಾವಿರ ಹಾಕಿದವನಿಗೆ ಎರಡೂವರೆ ಲಕ್ಷಕ್ಕೂ ಮೇಲೆ! ಅದಕ್ಕೇ ಕೊನೆಯ ದಿನಗಳಲ್ಲಿ ಬ್ರೋಕರಿಂದ ಹೆಚ್ಚಿನ ಮಾರ್ಜಿನ್, ಅಂದರೆ ಭದ್ರತೆಯ ದುಡ್ಡು, ಕೇಳಿ ಮೆಸೇಜು ಬರಲು ಶುರುವಾಗುತ್ತದೆ. ಅಷ್ಟು ದುಡ್ಡು ಇಲ್ಲದವರು ಎಕ್ಸ್‌ಪೈರಿಗೆ ಮೊದಲೇ ಆ ಕಾಲನ್ನು ಪೇಟೆಯಲ್ಲಿ ಮಾರಿ ಹೊರಗೆ ಬರಬೇಕು. ಹುಡುಗ ಮಾಡಿದ್ದೂ ಅದನ್ನೇ, ಕೊನೆಯ ದಿನ ಮಧ್ಯಾಹ್ನ ಎಂಟು ರೂಪಾಯಿಗೆ ಮಾರಿದ. ಆ ನಾಲ್ಕು ಸಾವಿರ ಅವನಿಗೆ ಸಿಕ್ಕಿದ್ದು ಹಾಗೆ.

ಪ್ರಶ್ನೆ ಇದ್ದವರು ಹೊರಗೆ ಚಹಾ ಕುಡಿಯುವಾಗ ಕೇಳಿ. ನಾನು ಏಳು ಗಂಟೆಯವರೆಗೆ ಇಲ್ಲೇ ಇರುತ್ತೇನೆ.