ವಾರ್ಡಿಗೆ ನೋಡಲು ಬರುವವರಿಗೆ ಎರಡು ಮಾತು

ಕೇಳುಗರಿಗೆ ನಮಸ್ಕಾರ. ನಾನು ಆಪರೇಷನ್ ಆದವರ ವಾರ್ಡ್ ನೋಡಿಕೊಳ್ಳುವ ಸಿಸ್ಟರ್. ನಮ್ಮ ವಾರ್ಡಿನ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದೇವೆ. ನೋಡಲು ಬರುವ ಸಮಯ ಸಂಜೆ 4ರಿಂದ 6. ಒಂದು ಹಾಸಿಗೆಯ ಹತ್ತಿರ ಒಂದು ಸಲಕ್ಕೆ ಇಬ್ಬರೇ. ಅವರು ಹೊರಗೆ ಬಂದ ಮೇಲೆ ಇನ್ನಿಬ್ಬರು ಹೋಗಬಹುದು. ದೂರದಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಬೇಜಾರಾಗುತ್ತದೆ, ಗೊತ್ತು. ಆದರೂ ನಿಲ್ಲಿಸುತ್ತೇವೆ.

ಸಂಜೆಯೇ ಯಾಕೆ? ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬರುತ್ತಾರೆ, ಹಾಸಿಗೆ ಬಟ್ಟೆ ಬದಲಾಯಿಸುತ್ತೇವೆ, ಡ್ರೆಸ್ಸಿಂಗ್ ಬಿಚ್ಚುತ್ತೇವೆ. ಆಗ ಗಾಯ ತೆರೆದಿರುತ್ತದೆ. ಸುತ್ತ ಜನ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ.

ಇಬ್ಬರೇ ಯಾಕೆ? ವಾರ್ಡಿನಲ್ಲಿ ಸೋಂಕು ಹೆಚ್ಚಾಗಿ ಹರಡುವುದು ಕೈಯಿಂದ. ಒಂದು ಉದಾಹರಣೆ ಹೇಳುತ್ತೇನೆ. ಅಣ್ಣನನ್ನು ನೋಡಲು ಬಂದ ತಮ್ಮ ಪಕ್ಕದ ಹಾಸಿಗೆಯ ಅಜ್ಜನ ಮೂತ್ರದ ಚೀಲ ನೆಲಕ್ಕೆ ತಾಗುತ್ತಿರುವುದು ಕಂಡು ಎತ್ತಿ ಕಟ್ಟುತ್ತಾನೆ. ಒಳ್ಳೆಯ ಮನಸ್ಸೇ. ಆದರೆ ಅದೇ ಕೈಯಲ್ಲಿ ಅಣ್ಣನ ಹೊಟ್ಟೆಯ ಮೇಲೆ ಸಡಿಲವಾದ ಪ್ಲಾಸ್ಟರ್ ಒತ್ತುತ್ತಾನೆ. ಕೈಗೆ ಕೊಳೆ ಕಾಣಲಿಲ್ಲ, ಹಾಗಾಗಿ ತೊಳೆಯಲಿಲ್ಲ. ಕೆಲವು ದಿನಗಳಲ್ಲಿ ಹೊಲಿಗೆಯ ಸುತ್ತ ಕೆಂಪಾಗಬಹುದು, ಬಿಸಿಯಾಗಬಹುದು, ಕೀವು ಬರಬಹುದು. ಆಮೇಲೆ ಮನೆಗೆ ಹೋಗುವ ದಿನ ಮುಂದಕ್ಕೆ ಹೋಗುತ್ತದೆ. ಆರು ಜನ ಸುತ್ತ ನಿಂತಾಗ ಯಾರ ಕೈ ಎಲ್ಲಿ ತಾಗಿತು ಅಂತ ನಮಗೆ ನೋಡಲಾಗುವುದಿಲ್ಲ. ಇಬ್ಬರಿದ್ದರೆ ನೋಡಬಹುದು, ಹೇಳಬಹುದು. ಚೀಲ, ಡ್ರಿಪ್, ಡ್ರೆಸ್ಸಿಂಗ್ ಮುಟ್ಟಬೇಡಿ, ನಮ್ಮನ್ನು ಕರೆಯಿರಿ.

ಒಳಗೆ ಬರುವಾಗಲೂ ಹೋಗುವಾಗಲೂ ಬಾಗಿಲ ಹತ್ತಿರದ ಹ್ಯಾಂಡ್ ರಬ್, ಅಂದರೆ ಸ್ಯಾನಿಟೈಸರ್, ಕೈಗೆ ಹಾಕಿಕೊಳ್ಳಿ. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲಾ ನೆನೆಯುವಂತೆ, 20ರಿಂದ 30 ಸೆಕೆಂಡ್ ಉಜ್ಜಿ. ಸುಮ್ನೆ ಅಂಗೈಗೆ ಸವರಿಕೊಂಡರೆ ಸಾಲದು. ಆದರೆ ರೋಗಿಗೆ ಭೇದಿ ಇದ್ದರೆ ಸೋಪು, ನೀರೇ ಬೇಕು. ಭೇದಿ ತರುವ ಕೆಲವು ರೋಗಾಣುಗಳು ಹ್ಯಾಂಡ್ ರಬ್‌ಗೆ ಸಾಯುವುದಿಲ್ಲ. ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಇದೆ.

ನಿಮಗೇ ಜ್ವರ, ಕೆಮ್ಮು ಇದ್ದರೆ ಬರಬೇಡಿ. ವಾಂತಿ ಭೇದಿ ಆಗಿದ್ದರೆ ಅದು ನಿಂತು 48 ಗಂಟೆ ಕಳೆಯಲಿ. ನಿಮಗೆ ಆರಾಮ ಅನಿಸಿದ ಮೇಲೂ ನಿಮ್ಮಿಂದ ಅದು ಹರಡಬಹುದು. ಫೋನಿನಲ್ಲಿ ಮಾತಾಡಿ, ಅವರಿಗೆ ಅಷ್ಟರಿಂದಲೇ ಸಮಾಧಾನವಾಗುತ್ತದೆ. ಚಿಕ್ಕ ಮಕ್ಕಳನ್ನು ಕರೆತರುವ ಮುಂಚೆ ನಮ್ಮನ್ನು ಒಂದು ಮಾತು ಕೇಳಿ.

ರೋಗಿಯ ಸ್ಥಿತಿ ತುಂಬಾ ಗಂಭೀರವಾಗಿದ್ದರೆ ಈ ಸಮಯ ಲೆಕ್ಕಕ್ಕಿಲ್ಲ. ರಾತ್ರಿಯಾದರೂ ಬನ್ನಿ, ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಹೇಳಿ. ಅವರೇ ನಿಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ನಮಸ್ಕಾರ.