ದ್ವೀಪವೋ ಬರಿಯ ಬಂಡೆಯೋ: ಕಡಲ ಹಕ್ಕು ನಿರ್ಧಾರವಾಗುವ ಬಗೆ

(ದೃಶ್ಯ: ಕಾಸರಗೋಡಿನ ಕಡಲತೀರ, ಬಳಿಕ ಲಕ್ಷದ್ವೀಪದ ನಕಾಶೆ)

ನಮಸ್ಕಾರ. ನಮ್ಮ ಕಾಸರಗೋಡಿನ ತೀರದಿಂದ ಪಡುವಣಕ್ಕೆ ಹೋದರೆ ಲಕ್ಷದ್ವೀಪ ಸಿಗುತ್ತದೆ. ಅಲ್ಲಿ ತಲೆಮಾರುಗಳಿಂದ ಜನ ಬಾಳುತ್ತಿರುವ ಕವರತ್ತಿಯಿದೆ. ಕಡಲಹಕ್ಕಿಗಳು ಮೊಟ್ಟೆಯಿಡುವ, ಜನವಸತಿಯಿಲ್ಲದ ಪಿಟ್ಟಿ ಎಂಬ ಮರಳುದಿಬ್ಬವೂ ಇದೆ. ಇಂಥ ಎರಡು ನೆಲಗಳಿಗೆ ಸಮುದ್ರದಲ್ಲಿ ಸಮಾನ ಹಕ್ಕು ಸಿಗುತ್ತದೆಯೇ?

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 121ನೆಯ ವಿಧಿಯಲ್ಲಿ ಇದಕ್ಕೆ ಉತ್ತರವಿದೆ. ಸಹಜವಾಗಿ ರೂಪುಗೊಂಡು, ಸುತ್ತ ನೀರಿದ್ದು, ಉಬ್ಬರದ ವೇಳೆಯಲ್ಲೂ ಮುಳುಗದ ನೆಲವೇ ದ್ವೀಪ. ಆದರೆ ಮನುಷ್ಯವಾಸವನ್ನಾಗಲಿ ತನ್ನದೇ ಆದ ಆರ್ಥಿಕ ಜೀವನವನ್ನಾಗಲಿ ಪೋಷಿಸಲಾರದ ಬಂಡೆಗೆ ಸಿಗುವುದು ಮುಖ್ಯವಾಗಿ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರ. 200 ಮೈಲಿಯ ಪ್ರತ್ಯೇಕ ಆರ್ಥಿಕ ವಲಯವೂ ಕಡಲತಳದ ಖಂಡಾವರಣವೂ ಅದಕ್ಕಿಲ್ಲ. ಸುತ್ತ ಬೇರೆ ನೆಲವಿಲ್ಲದ ಒಂದು ಬಿಂದುವಿನಿಂದ ಅಳೆದರೆ 12 ಮೈಲಿಯ ವೃತ್ತ ಸುಮಾರು 1,550 ಚದರ ಕಿಲೋಮೀಟರ್ ಆಗುತ್ತದೆ, 200 ಮೈಲಿಯದು ಸುಮಾರು 4,31,000. ಮೀನು, ತೈಲ, ಅನಿಲಗಳ ಮೇಲಿನ ಹಕ್ಕು ಈ ಅಂತರದಲ್ಲೇ ಅಡಗಿದೆ.

(ದೃಶ್ಯ: ದಕ್ಷಿಣ ಚೀನಾ ಸಮುದ್ರದ ನಕಾಶೆ)

ಈ ವಿಧಿಯ ಅರ್ಥವನ್ನು ವಿಸ್ತಾರವಾಗಿ ಪರಿಶೀಲಿಸಿದ್ದು ಫಿಲಿಪ್ಪೀನ್ಸ್ ಚೀನಾದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2016ರ ಜುಲೈ 12ರಂದು ತೀರ್ಪಿತ್ತ ಮಧ್ಯಸ್ಥಿಕೆ ನ್ಯಾಯಮಂಡಳಿ. ಸ್ಪ್ರಾಟ್ಲಿ ಸಮೂಹದ ಸಹಜ ನೆಲಗಳಲ್ಲೆಲ್ಲ ದೊಡ್ಡದಾದ ಇಟು ಅಬಾ ಸುಮಾರು 1.4 ಕಿಲೋಮೀಟರ್ ಉದ್ದವಿದೆ. ತೈವಾನಿನ ವಶದಲ್ಲಿರುವ ಅಲ್ಲಿ ಬಾವಿಗಳಿವೆ, ಮರಗಳಿವೆ, ವಿಮಾನದ ಓಡುಹಾದಿಯಿದೆ, ಸಿಬ್ಬಂದಿಯೂ ಇದ್ದಾರೆ. ಆದರೂ ಮಂಡಳಿ ಅದನ್ನು ಬಂಡೆಗಳ ವರ್ಗಕ್ಕೆ ಸೇರಿಸಿತು. ಹೊರಗಿನಿಂದ ತಂದು ಕೂಡಿಸಿದ್ದನ್ನೆಲ್ಲ ಬದಿಗಿರಿಸಿ, ಆ ನೆಲ ತನ್ನ ಸಹಜ ಸ್ಥಿತಿಯಲ್ಲಿ ನೆಲೆನಿಂತ ಸಮುದಾಯವೊಂದನ್ನು ಪೋಷಿಸಬಲ್ಲುದೇ ಎಂಬುದೇ ಅದರ ಪರೀಕ್ಷೆಯಾಗಿತ್ತು. ಬಂದು ಹೋಗುತ್ತಿದ್ದ ಮೀನುಗಾರರೂ, ಹಕ್ಕಿಹಿಕ್ಕೆಯ ಗೊಬ್ಬರವನ್ನು ಅಗೆದು ಸಾಗಿಸಿದ ಜಪಾನೀ ಕಂಪನಿಗಳೂ ಅಂಥ ಸಮುದಾಯವೆನಿಸಲಿಲ್ಲ. ಈ ಮಾನದಂಡ ಬಹಳ ಕಟ್ಟುನಿಟ್ಟಾಯಿತೆಂದು ಟೀಕಿಸುವ ವಿದ್ವಾಂಸರಿದ್ದಾರೆ. ಆದರೂ ಕಾಂಕ್ರೀಟು ಸುರಿದು ಕಡಲ ಹಕ್ಕು ಗಳಿಸುವುದನ್ನು ತಡೆಯುವುದರಿಂದ ಅದು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಪರಿಣಾಮ ಎದ್ದು ಕಂಡಿದ್ದು ಚೀನಾ ಕೃತಕವಾಗಿ ನೆಲವೆಬ್ಬಿಸಿದ ಮಿಸ್ಚೀಫ್ ರೀಫಿನಲ್ಲಿ. ಅದು ಮೂಲದಲ್ಲಿ ಇಳಿತದ ಹೊತ್ತಿನಲ್ಲಿ ಮಾತ್ರ ತಲೆಯೆತ್ತುವ ದಿಬ್ಬವಾದ್ದರಿಂದ ಅದಕ್ಕೆ ಸ್ವಂತ ಪ್ರಾದೇಶಿಕ ಸಮುದ್ರವೂ ಇಲ್ಲ. ಇಟು ಅಬಾಕ್ಕೆ 200 ಮೈಲಿಯ ವಲಯ ದೊರೆತಿದ್ದರೆ ಅದು ಈ ನೀರಿನ ಮೇಲೂ ಚಾಚಿಕೊಳ್ಳುತ್ತಿತ್ತು. ದೊರೆಯದ ಕಾರಣ ಆ ರೀಫು ಫಿಲಿಪ್ಪೀನ್ಸಿನ ವಲಯದೊಳಗೇ ಉಳಿಯಿತು. ಚೀನಾ ತೀರ್ಪನ್ನು ಒಪ್ಪಿಲ್ಲ. ಯಾವ ನೆಲ ಯಾರದೆಂಬ ಪ್ರಶ್ನೆಯನ್ನು ಮಂಡಳಿ ಮುಟ್ಟಲೂ ಇಲ್ಲ.

ಇನ್ನು ನಮ್ಮ ಪಿಟ್ಟಿ. ಅದನ್ನು ಬಂಡೆಯೆಂದು ಎಣಿಸಿದರೂ ಭಾರತದ ವಲಯ ಕುಗ್ಗುವುದು ಅತ್ಯಲ್ಪ, ಏಕೆಂದರೆ ಹತ್ತಿರದ ಕವರತ್ತಿಯಂಥ ಜನವಸತಿಯ ದ್ವೀಪಗಳಿಂದ ಅಳೆದ 200 ಮೈಲಿಯೊಳಗೆ ಪಿಟ್ಟಿಯ ಸುತ್ತಲಿನ ನೀರೆಲ್ಲ ಆಗಲೇ ಸೇರಿದೆ.